ಏಳಕ್ಕೆ ಏಳು

ನಾನು ಸುಳ್ಳು ಹೇಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಹೆಂಡತಿಯ ಅಣ್ಣ ಗುರುಪಾದಪ್ಪ ಡೊಂಬಿವಲಿಯ ತನ್ನ ಬಟ್ಟೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಬೇರೆಯೇ ಕತೆ ಹೇಳುತ್ತಿದ್ದಾನೆ. ಸುಳ್ಳು ಹೇಳಬೇಕಾದರೆ ಬಾಯಿ ತೆರೆಯಬೇಕು, ಇಲ್ಲ ಬರೆಯಬೇಕು. ನಾನು ಎರಡನ್ನೂ ಮಾಡಲಿಲ್ಲ. ಆರು ವಾರ ಸುಮ್ಮನಿದ್ದೆ, ಅಷ್ಟೇ.

ನನ್ನ ಹೆಸರು ಹಣಮಂತ್ರಾಯ. ರಬಾಳೆಯಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೇನೆ. ಅಷ್ಟೇ ವರ್ಷದಿಂದ ತಂಬಾಕು ತಿನ್ನುತ್ತಿದ್ದೇನೆ. ದಿನಕ್ಕೆ ಎಂಟು ಪುಡಿಕೆ, ಆಡಿಟ್ ಇದ್ದರೆ ಹತ್ತು. ಒಂದು ಪುಡಿಕೆ ಅಂಗೈಗೆ ಸುರಿದು, ಸುಣ್ಣ ಹಚ್ಚಿ ತಿಕ್ಕಿ, ಎಡ ದವಡೆಗೆ ಒತ್ತಿದರೆ ಪ್ರಪಂಚ ಸ್ವಲ್ಪ ಹೊತ್ತು ಹೇಳಿದ ಮಾತು ಕೇಳುತ್ತದೆ. ತಿನ್ನದವರಿಗೆ ಇದು ತಿಳಿಯುವುದಿಲ್ಲ, ತಿಳಿಸುವ ಉಸಾಬರಿಯೂ ನನಗೆ ಬೇಡ.

ಎರಡು ಸಾವಿರದ ಹದಿನಾರರ ಜೂನ್ ತಿಂಗಳಲ್ಲಿ ಹಲ್ಲು ನೋವೆಂದು ಠಾಣೆಯ ನೌಪಾಡಾದಲ್ಲಿರುವ ದಂತವೈದ್ಯೆ ಜಯಲತಾ ಅವರ ಬಳಿ ಹೋದೆ. ಉಡುಪಿ ಕಡೆಯವರು, ಮಾತು ಮೆತ್ತಗೆ, ಕೈ ಗಟ್ಟಿ. ಅವರು ಹಲ್ಲನ್ನು ಬಿಟ್ಟು ಕೆನ್ನೆಯ ಒಳಗೆ ಕನ್ನಡಿ ಹಾಕಿ ಬಹಳ ಹೊತ್ತು ನೋಡಿದರು.

"ಇಲ್ಲಿ ಒಂದು ಬಿಳಿ ಮಚ್ಚೆ ಉಂಟು ಮಾರಾಯ್ರೆ," ಎಂದರು. "ತಂಬಾಕು ಇವತ್ತೇ ಬಿಡಿ. ಆರು ವಾರ ನೋಡುವ. ಬಿಟ್ಟರೆ ಕೆಲವರಿಗೆ ಅದಾಗಿಯೇ ಕಡಿಮೆ ಆಗ್ತದೆ. ಆಗದಿದ್ರೆ ಚೂರು ಕತ್ತರಿಸಿ ಟೆಸ್ಟಿಗೆ ಕಳಿಸ್ಬೇಕು."

ಯಾವ ಟೆಸ್ಟು ಎಂದು ನಾನು ಕೇಳಲಿಲ್ಲ. ಜೊತೆಗೆ ಬಂದಿದ್ದ ಮಗಳು ಐಶ್ವರ್ಯಾ ಕೇಳಿದಳು. ಉತ್ತರ ಕೇಳಿಸಬಾರದೆಂದು ನಾನು ಫ್ಯಾನ್ ನೋಡುತ್ತ ಕೂತೆ, ಆದರೂ ಕೇಳಿಸಿತು.

ಐಶ್ವರ್ಯಾ ಐರೋಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಹುಟ್ಟಿ ಬೆಳೆದದ್ದು ಠಾಕುರ್ಲಿಯ ಈ ಮನೆಯಲ್ಲೇ. ನಾವು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಅಳುತ್ತಾಳೆ. ಅವತ್ತು ಅಳಲಿಲ್ಲ, ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆಗೆದಳು. ಈ ಪೀಳಿಗೆಗೆ ಸಂಕಟ ಬಂದರೆ ವೆಂಕಟರಮಣ ಅಲ್ಲ, ಸ್ಪ್ರೆಡ್‌ಶೀಟು.

"ಪಪ್ಪಾ, ದೇಖೋ," ಎಂದು ನನ್ನ ಫೋನಿನಲ್ಲಿ ತೋರಿಸಿದಳು. "ಈ ಕಾಲಮ್‌ನಾಗ ತಾರೀಖು. ಬಾಜುಕ್ಕ ಎಷ್ಟು ಪುಡಿಕೆ ತಿಂದ್ರಿ ಅಂತ ನಂಬರ್. ತಿನ್ನಲಿಲ್ಲಾ ಅಂದ್ರ ಸೊನ್ನೆ. ರೋಜ್ ಏಕ್ ನಂಬರ್, ಬಸ್. ಪ್ರತಿ ಸೋಮವಾರ ಮುಂಜಾನೆ ಏಳರಿಂದ ಎಂಟರ ನಡುವೆ ಸ್ಕ್ರಿಪ್ಟ್ ತಾನ ಓಡ್ತದ. ಹಿಂದಿನ ಏಳು ದಿನದ ಹಿಸಾಬ್ ಹಾಕಿ ಎಲ್ಲಾರಿಗೂ ಮೇಲ್ ಕಳಿಸ್ತದ."

"ಎಲ್ಲಾರಿಗೂ ಅಂದ್ರ?"

"ನಿಮಗ, ನನಗ, ಮಮ್ಮಿಗೆ, ಗುರುಪಾದ್ ಮಾಮಾಗ, ಡಾಕ್ಟರ್‌ಗೆ."

"ನಿನ್ನ ಲ್ಯಾಪ್‌ಟಾಪ್ ಬಂದ್ ಇಟ್ಟರ?" ಎಂದೆ, ಆಸೆಯಿಂದ.

"ಬಂದ್ ಇದ್ರೂ ಹೋಗ್ತದ. ಅದು ಗೂಗಲ್ ಸರ್ವರ್ ಮ್ಯಾಲೆ ನಡೀತದ."

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷ ಬೇರೆಯವರ ಲೆಕ್ಕ ಬರೆಸಿಕೊಂಡವನು ನಾನು. ಬೋಲ್ಟು ಬೇಕೆಂದು ಬಂದ ಇಂಜಿನಿಯರನನ್ನೂ ಸಹಿ ಹಾಕಿಸದೆ ಒಳಗೆ ಬಿಟ್ಟವನಲ್ಲ. ಈಗ ನನ್ನ ಬಾಯಿಗೇ ಸ್ಟಾಕ್ ರಿಜಿಸ್ಟರು! ತುಂಬುವುದೇ ಇಲ್ಲ, ಏನು ಮಾಡುತ್ತೀರೋ ಮಾಡಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ "ಆತವ್ವಾ" ಎಂದೆ.

ಆ ವಾರ ಶೀಟು ತೆರೆಯಲೇ ಇಲ್ಲ. ತಂಬಾಕು ಎಂದಿನಂತೆ ಎಂಟು. ಸೋಮವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ, ಏಳು ಹನ್ನೆರಡಕ್ಕೆ, ಮೂರು ಫೋನುಗಳು ಒಟ್ಟಿಗೆ ಟಣ್ ಎಂದವು. ಈಗ ಬೈಗುಳ ಶುರು ಎಂದು ಕಿವಿ ಗಟ್ಟಿಮಾಡಿಕೊಂಡೆ.

ಐಶ್ವರ್ಯಾ ಚೀರಿದಳು: "ಪಪ್ಪಾ! ಏಳಕ್ಕ ಏಳು!"

ಮೇಲ್‌ನಲ್ಲಿ ಇದ್ದದ್ದು ಇಷ್ಟು. ತಂಬಾಕು ಇಲ್ಲದ ದಿನ: ಏಳಕ್ಕೆ ಏಳು. ಒಟ್ಟು ಪುಡಿಕೆ: ಸೊನ್ನೆ. ಸತತವಾಗಿ ಬಿಟ್ಟ ದಿನ: ಏಳು. ಕೆಳಗೆ ಚಪ್ಪಾಳೆ ತಟ್ಟುವ ಎರಡು ಹಳದಿ ಕೈಗಳು.

ನಾನು ದಂಗಾದೆ. ಆಮೇಲೆ ನನ್ನೊಳಗಿನ ಸ್ಟೋರ್‌ಕೀಪರ್ ಎದ್ದು ಕೂತ. ನಮ್ಮಲ್ಲಿ ಪ್ರತಿ ರ‍್ಯಾಕಿಗೂ ಒಂದು ಕಾರ್ಡು ಇರುತ್ತದೆ. ಸಾಮಾನು ಹೊರಗೆ ಹೋದರೆ ಅದರಲ್ಲಿ ಬರೆಯಬೇಕು. ಬರೆದಿಲ್ಲವೆಂದರೆ ಹೋಗಿಲ್ಲ. ಖಾಲಿ ಸಾಲು ಅಂದರೆ ಸೊನ್ನೆ, ಇದು ಕಾರ್ಖಾನೆಯ ಕಾನೂನು. ಮಗಳು ಅಪ್ಪನ ಕಾನೂನಿನ ಪ್ರಕಾರವೇ ಶೀಟು ಮಾಡಿದ್ದಾಳೆ ಎಂದುಕೊಂಡೆ. ರಕ್ತ ಸುಮ್ಮನಿರುತ್ತದೆಯೇ?

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಾನು ಉಪ್ಪಿಟ್ಟಿನ ತಾಟು ಖಾಲಿ ಮಾಡಿ, ಮಗಳ ಜೊತೆ ಏಳು ಐವತ್ತರ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿಯಲ್ಲಿ ಅವಳು ಇಳಿದ ಕೂಡಲೇ ಪುಡಿಕೆ ಒಡೆದೆ. ರಬಾಳೆ ಮುಂದಿನ ಸ್ಟೇಷನ್ನು. ಅಷ್ಟರೊಳಗೆ ತಿಕ್ಕಿ ದವಡೆಗೆ ಹಾಕುವುದು ಅಭ್ಯಾಸದ ಮಾತು.

ಒಬ್ಬಳೇ ಒಬ್ಬಳು ಕುಣಿಯಲಿಲ್ಲ. ನನ್ನ ಹೆಂಡತಿ ನೀಲಗಂಗಾ. ಮೇಲ್ ಓದಿಸಿಕೊಂಡು ಕೇಳಿ, "ಹೌದಾ? ಛಲೋ ಆತು," ಎಂದು ಒಲೆ ಕಡೆ ತಿರುಗಿದಳು. ಇವಳಿಗೆ ಗಂಡನ ಸಾಧನೆ ಕಣ್ಣಿಗೇ ಕಾಣುವುದಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಬೇಜಾರಾಯಿತು. ನೋಡಿ, ಮನುಷ್ಯನ ಮನಸ್ಸು ಎಂಥದ್ದು.

ಎರಡನೇ ಸೋಮವಾರವೂ ಏಳಕ್ಕೆ ಏಳು. ಮೂರನೆಯದಕ್ಕೆ ಗುರುಪಾದಪ್ಪ ತನ್ನ ಕನ್ನಡ ಬಳಗದ ಸಭೆಯಲ್ಲಿ ನನಗೆ ಶಾಲು ಹೊದಿಸಿದ. ನಾನು ಬೇಡವೆಂದೆ. "ವಿನಯ ನೋಡ್ರಿ," ಎಂದ. ಮೈಕು ಕೊಟ್ಟರು. ಮೈಕು ಕೈಗೆ ಬಂದರೆ ಯಾವ ಕನ್ನಡಿಗ ಬಿಟ್ಟಾನು? ಮನೋಬಲದ ಬಗ್ಗೆ ಹದಿನೈದು ನಿಮಿಷ ಮಾತಾಡಿದೆ. "ಮನಸ್ಸಿದ್ದರೆ ಮಾರ್ಗ" ಎಂದು ಮೂರು ಸಲ ಹೇಳಿದೆನಂತೆ. ಅಂಗಿಯ ಕಿಸೆಯಲ್ಲಿ ಎರಡು ತುಂಬಿದ ಪುಡಿಕೆ, ನಾಲ್ಕು ಖಾಲಿ ಪುಡಿಕೆ ಇದ್ದವು, ಮೇಲೆ ಶಾಲಿತ್ತು.

ಖಾಲಿ ಪುಡಿಕೆಗಳ ವಿಷಯ ಹೇಳಬೇಕು. ಸ್ಟೋರ್ಸಿನಲ್ಲಿ ಖಾಲಿ ಪ್ಯಾಕಿಂಗ್ ವಾಪಸು ಬರಲೇಬೇಕು, ಕಂಡಲ್ಲಿ ಬಿಸಾಡುವಂತಿಲ್ಲ. ಆ ಚಾಳಿ ಮೈಗಂಟಿ, ತಿಂದ ಪುಡಿಕೆಯ ಕಾಗದವನ್ನು ಕಿಸೆಗೇ ಹಾಕುತ್ತೇನೆ. ಸ್ಟೇಷನ್ನಿನಲ್ಲಿ ಹಾಕೋಣವೆಂದರೆ ಬಾಂಬಿನ ಭಯಕ್ಕೆ ಕಸದ ಡಬ್ಬಿಗಳನ್ನೇ ತೆಗೆದುಹಾಕಿದ್ದಾರೆ. ಹೀಗಾಗಿ ದಿನವೂ ಮನೆಗೆ ತಂದು, ಹಳೆಯ ಪೇಪರಿನ ಹಾಳೆಯಲ್ಲಿ ಚೊಕ್ಕಟವಾಗಿ ಸುತ್ತಿ ಒಣ ಕಸಕ್ಕೆ ಹಾಕುತ್ತಿದ್ದೆ. ಕಳ್ಳತನದಲ್ಲೂ ಶಿಸ್ತು ಬೇಡವೇ?

ಸಭೆ ಮುಗಿದ ಮೇಲೆ ಬಳಗದ ಮೂವರು ತಮಗೂ ಅಂಥ ಶೀಟು ಬೇಕೆಂದು ಹೆಂಡಂದಿರನ್ನು ಮುಂದಿಟ್ಟುಕೊಂಡು ಬಂದರು. ನಿಜ ಹೇಳಬೇಕೆಂದರೆ, ಹೆಂಡಂದಿರೇ ಅವರನ್ನು ಮುಂದಿಟ್ಟುಕೊಂಡು ಬಂದಿದ್ದರು. ಅವರಲ್ಲಿ ಒಬ್ಬ ಯಂಕಪ್ಪ, ರಬಾಳೆಯಲ್ಲೇ ಬೇರೆ ಕಾರ್ಖಾನೆ, ಟ್ರೇನಿನಲ್ಲಿ ನನ್ನ ಸುಣ್ಣದ ಪಾಲುದಾರ. ಐಶ್ವರ್ಯಾ ಶೀಟನ್ನು ಮೂರು ಕಾಪಿ ಮಾಡಿ, ಒಂದೊಂದಕ್ಕೂ ಸೋಮವಾರ ಅದನ್ನು ಓಡಿಸುವ ಟೈಮರ್ ಹೊಸದಾಗಿ ಕೂಡಿಸಿದಳು. ಕಾಪಿ ಮಾಡಿದರೆ ಸ್ಕ್ರಿಪ್ಟ್ ಜೊತೆಗೆ ಬರುತ್ತದಂತೆ, ಟೈಮರ್ ಬರುವುದಿಲ್ಲವಂತೆ.

ಮರುದಿನ ಯಂಕಪ್ಪ ಗಾಡಿಯಲ್ಲಿ ಕಿವಿಗೆ ಬಾಯಿ ತಂದು ಕೇಳಿದ: "ಹಣಮಂತ್ರಾಯರ, ಅದರಾಗ ಏನ್ ಬರೀಬೇಕು?"

"ಏನೂ ಬರೀಬ್ಯಾಡ," ಎಂದೆ.

ಮುಂದಿನ ಸೋಮವಾರ ಮೂವರಿಗೂ ಏಳಕ್ಕೆ ಏಳು. ಐಶ್ವರ್ಯಾ ಆಫೀಸಿನಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದಳು. ನಾಲ್ಕು ಜನ, ನೂರಕ್ಕೆ ನೂರು. ನಮ್ಮ ಬಳಗದಷ್ಟು ಶುದ್ಧವಾದ ಬಾಯಿಗಳು ಕಲ್ಯಾಣದಿಂದ ಠಾಣೆಯ ತನಕ ಎಲ್ಲೂ ಇರಲಿಲ್ಲ, ಕಾಗದದ ಮೇಲೆ.

ಆದರೆ ಮಚ್ಚೆಗೆ ಕಾಗದ ಓದಲು ಬರುವುದಿಲ್ಲ. ಹಲ್ಲುಜ್ಜುವಾಗ ನಾಲಿಗೆ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿ ಒರಟಾಗಿತ್ತು. ಹೆದರಿಕೆಯಾದರೆ ಏನು ಮಾಡುತ್ತಿದ್ದೆ? ತಂಬಾಕು ಹಾಕುತ್ತಿದ್ದೆ. ಇನ್ನೇನು ಮಾಡಲಿ, ಹೆದರಿಕೆಗೆ ನನಗೆ ಗೊತ್ತಿದ್ದ ಮದ್ದು ಅದೊಂದೇ.

ಆರನೇ ವಾರದ ಶನಿವಾರ ಸಂಜೆ ಮತ್ತೆ ನೌಪಾಡಾ. ಜಯಲತಾ ಡಾಕ್ಟರು ನಗುತ್ತಲೇ ಬಾಗಿಲಿಗೆ ಬಂದರು. "ನಿಮ್ಮ ಮೇಲ್ ಸೋಮವಾರ ಸೋಮವಾರ ಓದ್ತೇನೆ. ಭಾರೀ ಖುಷಿ ಆಗ್ತದೆ," ಎಂದರು. ನಾನು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದೆ. ಬೆಳಿಗ್ಗೆಯಿಂದ ಒಂದೂ ಪುಡಿಕೆ ಹಾಕಿರಲಿಲ್ಲ, ಮೂರು ಸಲ ಹಲ್ಲುಜ್ಜಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಕನ್ನಡಿ ಒಳಗೆ ಹೋಯಿತು. ಅವರ ನಗು ಹೊರಗೆ ಹೋಯಿತು.

"ಪೂರ್ತಿ ಬಿಟ್ಟಿದ್ದೀರಲ್ಲಾ?"

ಬಾಯಲ್ಲಿ ಕನ್ನಡಿ ಇತ್ತು. ನಾನು "ಆಂ" ಎಂದೆ. ಇದೊಂದು "ಆಂ" ಅನ್ನು ಬೇಕಾದರೆ ಸುಳ್ಳಿನ ಖಾತೆಗೆ ಹಾಕಿಕೊಳ್ಳಿ.

ಅವರು ಕನ್ನಡಿ ತೆಗೆದು ಕೈಗವಸು ಕಳಚಿದರು. "ಒಂದಿಷ್ಟೂ ಕಡಿಮೆ ಆಗ್ಲಿಲ್ಲ. ತಿನ್ನುತ್ತಾ ಇದ್ದಿದ್ರೆ ಅದಕ್ಕೇ ಆಗ್ಲಿಲ್ಲ ಅನ್ನಬಹುದಿತ್ತು. ಆರು ವಾರ ಬಿಟ್ಟೂ ಹೀಗೇ ಇದೆ ಅಂದ್ರೆ ನಂಗೆ ಸಮಾಧಾನ ಇಲ್ಲ. ಮುಂದಿನ ಶನಿವಾರ ಚೂರು ತೆಗೆದು ಕಳಿಸುವ."

ಆಗಲೇ ಹೇಳಬಹುದಿತ್ತು. ನಾಲ್ಕು ಮಾತು ಸಾಕಿತ್ತು. ಆದರೆ ಪಕ್ಕದಲ್ಲಿ ಐಶ್ವರ್ಯಾ ಕೂತಿದ್ದಳು. ಶಾಲು ನೆನಪಾಯಿತು, ಮೈಕು ನೆನಪಾಯಿತು. ಶನಿವಾರದ ಹೊತ್ತು ಬರೆಸಿಕೊಂಡು ಎದ್ದೆ.

ಠಾಣೆಯಿಂದ ಠಾಕುರ್ಲಿಗೆ ಬರುವ ತನಕ ಮಗಳು ನನ್ನ ಕೈ ಬಿಡಲಿಲ್ಲ. ಆ ಗದ್ದಲದ ಗಾಡಿಯಲ್ಲಿ, ಆರು ವರ್ಷದವಳಂತೆ ನನ್ನ ಎರಡು ಬೆರಳು ಹಿಡಿದು ನಿಂತಿದ್ದಳು. ಮನೆಗೆ ಬಂದು ಊಟ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ನೋಡಿದರೆ ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಹೇಗೆ ಹೆಸರು ಬರೆಸಬೇಕೆಂದು ಫೋನಿನಲ್ಲಿ ಓದುತ್ತ ಕೂತಿದ್ದಳು, ಕಣ್ಣು ಬಾತಿದ್ದವು.

"ಪಪ್ಪಾ ಎಲ್ಲಾ ಬರಾಬರ್ ಮಾಡ್ಯಾರ, ಮಮ್ಮಿ," ಎಂದಳು ತಾಯಿಗೆ. "ಬಯಾಲೀಸ್, ನಲವತ್ತೆರಡು ದಿನ! ಒಂದ ದಿನಾನೂ ತಪ್ಪಿಸಿಲ್ಲ. ತರೀ ಅಸಂ ಕಾ?"

ಆದರೂ ಯಾಕೆ ಹೀಗೆ ಎಂದು ಅವಳು ಮರಾಠಿಯಲ್ಲಿ ಕೇಳಿದ್ದು. ಆ ಪ್ರಶ್ನೆಗೆ ಉತ್ತರ ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನಗೆ ನನ್ನ ಮೇಲೆ ಎಂದೂ ಇಲ್ಲದಷ್ಟು ಹೇಸಿಗೆಯಾಯಿತು. ಮಚ್ಚೆ ನನ್ನ ಬಾಯಲ್ಲಿ, ನಿದ್ದೆಗೆಟ್ಟಿದ್ದು ಈ ಕೂಸು.

ಸ್ನಾನದ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು, ತಲೆಕೆಳಗಾದ ಬಕೆಟಿನ ಮೇಲೆ ಕೂತು, ಮೊದಲ ಸಲ ಆ ಶೀಟು ತೆರೆದೆ. ತಾರೀಖುಗಳು ಸಾಲಾಗಿ ನಿಂತಿದ್ದವು, ಪಕ್ಕದಲ್ಲಿ ಅಂಕಿ ತುಂಬುವ ಮನೆಗಳೆಲ್ಲ ಖಾಲಿ. ತುಂಬಲು ಶುರು ಮಾಡಿದೆ. ಎಂಟು, ಎಂಟು, ಒಂಬತ್ತು. ಶಾಲು ಹೊದಿಸಿದ ದಿನ ಹತ್ತು. ಆಡಿಟಿನ ದಿನ ಹನ್ನೊಂದು. ಡಾಕ್ಟರ ಬಳಿ ಹೋದ ದಿನ, ಸಂಜೆ ವಾಪಸು ಬಂದ ಮೇಲೆ ತಿಂದದ್ದು ಐದು. ಇವತ್ತಿನದಕ್ಕೆ ಬೆಳಿಗ್ಗೆಯ ಒಂದು ಹಾಕಿ, ಇನ್ನು ತಿನ್ನಲಾರೆ ಎಂದುಕೊಂಡೆ. ಮಧ್ಯಾಹ್ನ ಅದನ್ನು ಮೂರು ಎಂದು ತಿದ್ದಬೇಕಾಯಿತು. ಒಟ್ಟು ನಲವತ್ತೆರಡು ಮನೆ. ಬಾಯಲ್ಲಿ ಹೇಳಲು ಧೈರ್ಯ ಇಲ್ಲದವನು ಟೈಮರಿಗೆ ಒಪ್ಪಿಸಿದೆ. ಸೋಮವಾರ ಏಳು ಹನ್ನೆರಡಕ್ಕೆ ಅದೇ ಹೇಳಲಿ, ನಾನು ಅಷ್ಟರೊಳಗೆ ಸ್ಟೇಷನ್ನಿಗೆ ಓಡುತ್ತೇನೆ ಎಂದು ಲೆಕ್ಕ ಹಾಕಿದೆ.

ಓಡಲಾಗಲಿಲ್ಲ. ಅಂಗಿಯ ಗುಂಡಿ ಹಾಕುತ್ತಿದ್ದಾಗಲೇ ಫೋನುಗಳು ಟಣ್ ಎಂದವು.

ತಂಬಾಕು ಇಲ್ಲದ ದಿನ: ಏಳಕ್ಕೆ ಸೊನ್ನೆ. ಒಟ್ಟು ಪುಡಿಕೆ: ಐವತ್ತೆರಡು. ಸತತವಾಗಿ ಬಿಟ್ಟ ದಿನ: ಸೊನ್ನೆ. ಚಪ್ಪಾಳೆಯ ಕೈಗಳು ಇರಲಿಲ್ಲ.

ಐಶ್ವರ್ಯಾ ತಾಯಿಗೆ ಮೇಲ್ ಓದಿ ಹೇಳಿ ಲ್ಯಾಪ್‌ಟಾಪ್ ತೆರೆದಳು. ಶೀಟು ನೋಡಿದಳು. ಮೇಲಿಂದ ಕೆಳಗಿನ ತನಕ ತುಂಬಿದ ಅಂಕಿಗಳನ್ನು ನೋಡಿದಳು. ಆಮೇಲೆ ಸ್ಕ್ರಿಪ್ಟ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಖಾಲಿ ಮನೀನ ನಾ ಸೊನ್ನೆ ಅಂತ ಹಿಡದೀನಿ," ಎಂದಳು. "ಇಲ್ಲಿ ಎರಡು ಸಮ ಚಿನ್ಹೆ ಹಾಕೀನಿ. ಹಂಗ ಹಾಕಿದ್ರ ಈ ಭಾಷೆಗೆ ಖಾಲಿನೂ ಸೊನ್ನೆನೂ ಒಂದ. ಮೂರು ಹಾಕಬೇಕಿತ್ತು. ಆಫೀಸ್‌ನಾಗ ಬ್ಯಾರೇದವರಿಗೆ ಇದನ್ನ ಶಿಕವತೇ ನಾನು..." ಬೇರೆಯವರಿಗೆ ಕಲಿಸುವವಳಂತೆ! ಆಮೇಲೆ ನನ್ನ ಕಡೆ ತಿರುಗಿದಳು. "ಅದು ನನ್ನ ಗಲತಿ. ಬಟ್ ಪಪ್ಪಾ, ಆಪ್? ಆಪ್ ತೋ ಜಾನತೇ ಥೇ ನಾ?"

ನಿಮಗಂತೂ ಗೊತ್ತಿತ್ತಲ್ಲ. ಇದಕ್ಕೆ ನನ್ನ ಕಾರ್ಡಿನ ಕಾನೂನು, ಖಾಲಿ ಸಾಲಿನ ತತ್ವ, ಒಂದೂ ಉಪಯೋಗಕ್ಕೆ ಬರಲಿಲ್ಲ. "ಗೊತ್ತಿತ್ತವ್ವಾ," ಎಂದೆ. "ತಪ್ಪಾತು."

ಅಷ್ಟರಲ್ಲಿ ಗುರುಪಾದಪ್ಪನ ಫೋನು. "ಏನ್ರೀ ಇದು, ಐವತ್ತೆರಡು? ಒಮ್ಮಿಂದೊಮ್ಮೆಲೆ ಶುರು ಮಾಡಿದ್ರೇನು? ಬಳಗದ ಮಾನಾ ಹರಾಜು ಹಾಕಿದ್ರಲ್ರೀ! ಆ ಶಾಲು ತೊಗೊಂಡು ನಾ ಏನ್ ಮಾಡ್ಲಿ?" ಶಾಲು ನನ್ನ ಬಳಿ ಇದ್ದಿದ್ದರಿಂದ ಅವನ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಬೇಕಿದ್ದರೆ ವಾಪಸು ತೆಗೆದುಕೋ ಎಂದು ಫೋನಿಟ್ಟೆ. ಇಪ್ಪತ್ತಾರು ವರ್ಷ ತಿಂದಾಗ ಹೋಗದ ಮಾನ, ನಿಜ ಬರೆದ ದಿನ ಹೋಯಿತು.

ನೀಲಗಂಗಾ ಅಡುಗೆಮನೆಯಿಂದ ಒಂದು ದೊಡ್ಡ ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ದೀಪಾವಳಿಗೆ ಚಕ್ಕಲಿ ಹಾಕಿಡುವ ಡಬ್ಬಿ. ಮುಚ್ಚಳ ತೆಗೆದಳು. ಒಳಗೆ ತುಂಬ ಖಾಲಿ ಪುಡಿಕೆಗಳು, ವಾರಕ್ಕೊಂದರಂತೆ ರಬ್ಬರ್ ಬ್ಯಾಂಡ್ ಹಾಕಿದ ಆರು ಕಟ್ಟು.

ನಾನು ಒಂದು ಕಟ್ಟು ಎತ್ತಿ ನೋಡಿದೆ. "ಇವು ಎಲ್ಲಿಂದ ಬಂದವು?"

"ರದ್ದಿ ಪೇಪರ್ ಒಂದ ಹಾಳಿನೂ ನಾ ಒಗಿಯೂದಿಲ್ಲಾ ಅಂತ ಗೊತ್ತಿಲ್ಲೇನು? ದಿನಾ ಒಂದು ಹಾಳ್ಯಾಗ ಸುತ್ತಿ ಇಡ್ತಿದ್ರಿ. ಬಿಚ್ಚಿದೆ," ಎಂದಳು. ಕೊನೆಯ ಕಟ್ಟು ಎತ್ತಿ ತೋರಿಸಿದಳು. "ನೀವು ಬರದದ್ದು ಐವತ್ತೆರಡು. ಇದರಾಗ ಐವತ್ನಾಕು ಅದಾವು. ಎರಡು ಕಡಿಮಿ ಬರದೀರಿ."

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಸ್ಟಾಕ್ ಎಣಿಸುವಾಗ ಹುಡುಗರಿಗೆ ನಾನೇ ಹೇಳುತ್ತೇನೆ, ಕಾರ್ಡು ಏನೇ ಹೇಳಲಿ, ರ‍್ಯಾಕಿನ ಮೇಲಿರುವುದೇ ನಿಜ ಎಂದು. ನನ್ನ ಮನೆಯಲ್ಲಿ ಆರು ವಾರದಿಂದ ಎಣಿಕೆ ನಡೆದಿತ್ತು, ನನಗೇ ನೋಟಿಸು ಬಂದಿರಲಿಲ್ಲ.

"ಗೊತ್ತಿದ್ದೂ ಯಾಕ ಸುಮ್ಮನಿದ್ದೀ?"

"ನಾ ಹೇಳಿದ್ರ ಬಿಡ್ತಿದ್ರೇನು? ಇಪ್ಪತ್ತಾರು ವರ್ಷ ಹೇಳಿಲ್ಲೇನು?" ಧ್ವನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು, ಆಮೇಲೆ ಒಡೆಯಿತು. "ದಿನಾ ಕಾಗದ ಎಣಿಸಿ ಎಣಿಸಿ ನನಗ ಸಾಕಾಗೇತ್ರಿ. ನೀವ ಒಂದಿನ ಹೇಳ್ತೀರಿ ಅಂತ ಕಾದೆ."

ಅವತ್ತು ರಬಾಳೆಗೆ ರಜೆ ಹಾಕಿದೆ. ಜಯಲತಾ ಡಾಕ್ಟರಿಗೆ ನಾನೇ ಫೋನು ಮಾಡಿ ಎಲ್ಲ ಹೇಳಿದೆ, ಈ ಸಲ ಬಾಯಲ್ಲಿ. ಕತ್ತರಿಸುವುದು ತಪ್ಪೀತೆಂಬ ಸಣ್ಣ ಆಸೆಯೂ ಇತ್ತು. ಅವರು, "ಎಂತ ಹೇಳುವುದು ನಿಮಗೆ?" ಎಂದರು. "ಶೀಟ್ ನೋಡಿ ನಾನೂ ಮೋಸ ಹೋದೆ. ಇನ್ನು ಬಾಯಿ ಮಾತ್ರ ನೋಡುವುದು. ಆರು ವಾರ ಸುಮ್ಮನೆ ಹೋಯ್ತು, ಇನ್ನು ಕಾಯುವ ಹಾಗಿಲ್ಲ. ಶನಿವಾರ ಬನ್ನಿ."

ಐಶ್ವರ್ಯಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಸ್ಕ್ರಿಪ್ಟನ್ನು ಮಾತ್ರ ಅವತ್ತೇ ಸರಿಮಾಡಿದಳು. ಮೇಲ್‌ನಲ್ಲಿ ಈಗ ಇನ್ನೊಂದು ಸಾಲು ಬರುತ್ತದೆ: ತುಂಬದ ದಿನ ಎಷ್ಟು. ಬಳಗದ ಆ ಮೂರು ಕಾಪಿಗಳಲ್ಲೂ ಅದನ್ನೇ ಹಾಕಿದಳು. ಮುಂದಿನ ಸೋಮವಾರ ಮೂರು ಮನೆಗಳಿಗೆ "ತುಂಬದ ದಿನ: ಏಳು" ಎಂಬ ಮೇಲ್ ಹೋಯಿತು. ಅಂದಿನಿಂದ ಯಂಕಪ್ಪ ಲೋಕಲ್ ಗಾಡಿಯ ಬೇರೆ ಡಬ್ಬಿ ಹತ್ತುತ್ತಾನೆ.

ಶನಿವಾರ ಕೆನ್ನೆಯಿಂದ ಚೂರು ತೆಗೆದರು, ಹೊಲಿಗೆ ಹಾಕಿದರು. ರಿಪೋರ್ಟು ಬರುವ ತನಕದ ದಿನಗಳ ಬಗ್ಗೆ ಬರೆಯಲಾರೆ. ತಂಬಾಕು ಬಿಟ್ಟವನು ಗುಮಾಸ್ತರ ಮೇಲೆ ರೇಗುವುದು, ಅದರ ಬದಲು ಬಡೇಸೋಪು ಅಗಿದು ಅಗಿದು ದವಡೆ ನೋಯುವುದು, ಇವನ್ನೆಲ್ಲ ತುಂಬಲು ಶೀಟಿನಲ್ಲಿ ಕಾಲಮ್ಮು ಇಲ್ಲ. ಕೆಲವು ದಿನ ಸೋತೆ. ಸೋತ ದಿನ ಎಷ್ಟು ಎಂದು ಬರೆದೆ.

ರಿಪೋರ್ಟು ಒಂದು ಶುಕ್ರವಾರ ಬಂತು. ಸದ್ಯಕ್ಕೆ ಕ್ಯಾನ್ಸರ್ ಇಲ್ಲ. "ಸದ್ಯಕ್ಕೆ" ಎಂಬ ಮಾತನ್ನು ಡಾಕ್ಟರು ಎರಡು ಸಲ ಹೇಳಿದರು, ಮೂರು ತಿಂಗಳಿಗೊಮ್ಮೆ ತೋರಿಸಬೇಕೆಂದರು. ಐಶ್ವರ್ಯಾ ಕ್ಲಿನಿಕ್ಕಿನ ಹೊರಗೆ ನಿಂತು, ನೌಪಾಡಾದ ಆ ಜನಸಂದಣಿಯಲ್ಲಿ, ಹಿಂದಿಯಲ್ಲಿ ಅತ್ತಳು. ನಾನು ಕನ್ನಡದಲ್ಲಿ.

ಆ ಸೋಮವಾರ ಏಳು ಹನ್ನೆರಡಕ್ಕೆ ಫೋನು ಟಣ್ ಎಂದಿತು. ತಂಬಾಕು ಇಲ್ಲದ ದಿನ: ಏಳಕ್ಕೆ ಮೂರು. ಒಟ್ಟು ಪುಡಿಕೆ: ಆರು. ತುಂಬದ ದಿನ: ಸೊನ್ನೆ. ಗುರುಪಾದಪ್ಪ ಫೋನು ಮಾಡಲಿಲ್ಲ. ಏಳಕ್ಕೆ ಮೂರು ಬಂದವನಿಗೆ ಯಾರು ಶಾಲು ಹೊದಿಸುತ್ತಾರೆ?

ನೀಲಗಂಗಾ ಐಶ್ವರ್ಯಾಳಿಂದ ಮೇಲ್ ಓದಿಸಿದಳು. ಹಳೆಯ ಕಟ್ಟುಗಳನ್ನು ತೆಗೆದಿದ್ದ ಸ್ಟೀಲ್ ಡಬ್ಬಿ ತಂದಳು. ಕನ್ನಡಕ ಏರಿಸಿ, ಖಾಲಿ ಪುಡಿಕೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಒಂದು, ಎರಡು, ಮೂರು. ನಾನೂ ಜೊತೆಗೆ ಮನಸ್ಸಿನಲ್ಲೇ ಎಣಿಸಿದೆ. ಆರು. ಡಬ್ಬಿ ಬೋರಲು ಹಾಕಿ ತಟ್ಟಿದಳು, ಮತ್ತೇನೂ ಬೀಳಲಿಲ್ಲ.

"ಲೆಕ್ಕ ತಾಳೆ ಆತು," ಎಂದಳು.

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಎಷ್ಟೋ ಜನರಿಗೆ ಹೇಳಿದ ಮಾತು, ನನಗೆ ಯಾರೂ ಹೇಳಿರಲಿಲ್ಲ. ಅವಳು ಒಳಗೆ ಹೋಗಿ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಬಿಸಿ ಹೋಳಿಗೆ ತಂದು ತುಪ್ಪ ಹಾಕಿದಳು. ಮುರಿದು, ಎಡಗಡೆ ಹೊಲಿಗೆ ಇನ್ನೂ ನೋಯುತ್ತಿತ್ತಲ್ಲ, ಬಲಗಡೆಯಿಂದ ತಿಂದೆ.